ಚಲನ್ ಕಟ್ಟಿದ್ದಾಯಿತು, ಕ್ಯಾಶ್ ಲೆಡ್ಜರ್ ಮಾತ್ರ ಸೊನ್ನೆ

ಪ್ರಶ್ನೆ: ಸರ್, ದಾವಣಗೆರೆ ಜಿಲ್ಲೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಪ್ರತಿ ತಿಂಗಳೂ 3ಬಿ ರಿಟರ್ನ್ ಹಾಕುತ್ತೇನೆ. ಈ ಸಲ 20ನೇ ತಾರೀಕು ಸಂಜೆ 7.40ಕ್ಕೆ ನೆಟ್ ಬ್ಯಾಂಕಿಂಗ್‌ನಲ್ಲಿ ಜಿಎಸ್‌ಟಿ ಚಲನ್ 84,600 ರೂಪಾಯಿ ಕಟ್ಟಿದೆ. ಖಾತೆಯಿಂದ ಹಣ ಹೋಗಿದೆ, ಆದರೆ ಪೋರ್ಟಲ್‌ನಲ್ಲಿ Initiated ಅಂತಲೇ ಇದೆ, ಲೆಡ್ಜರ್‌ನಲ್ಲಿ ಏನೂ ಬಂದಿಲ್ಲ. ಇವತ್ತು 23. ಬ್ಯಾಂಕಿನವರು “ನಮ್ಮ ಕಡೆ ಸಕ್ಸಸ್ ಆಗಿದೆ, ಜಿಎಸ್‌ಟಿ ಆಫೀಸಿಗೆ ಹೋಗಿ” ಅಂತಾರೆ. ಆಫೀಸಿನಲ್ಲಿ “ಬ್ಯಾಂಕಿಗೆ ಹೋಗಿ” ಅಂತಾರೆ. ಅಕೌಂಟೆಂಟ್ ಇನ್ನೊಂದು ಸಲ ಕಟ್ಟಿಬಿಡಿ ಅಂತಾನೆ. ಇಬ್ಬರಿಗೂ ಪತ್ರ ಕೊಡಬೇಕು ಅಂದುಕೊಂಡಿದ್ದೇನೆ, ಏನಂತ ಬರೆಯಲಿ? ಬಡ್ಡಿ, ಲೇಟ್ ಫೀ ಬೀಳುತ್ತದಾ?

ಉತ್ತರ: ಪತ್ರ ಬರೆಯುವ ಮೊದಲು ನಿಮ್ಮ ಹಣ ಈಗ ಎಲ್ಲಿ ನಿಂತಿದೆ ಅಂತ ತಿಳಿದುಕೊಳ್ಳಬೇಕು. ಅದು ಗೊತ್ತಿಲ್ಲದೆ ಬರೆದ ಪತ್ರ ಬರೀ ದೂರಾಗುತ್ತದೆ. ಕೌಂಟರಿನಲ್ಲಿ ಸೀಲು ಹಾಕಿ ಇಟ್ಟುಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು.

ನೀವು ಪೋರ್ಟಲ್‌ನಲ್ಲಿ ಚಲನ್ ತೆಗೆದಾಗ ಅದಕ್ಕೆ 14 ಅಂಕಿಯ ಒಂದು ಸಂಖ್ಯೆ ಬಂದಿರುತ್ತದೆ. ಅದು ಸಿಪಿಐಎನ್. ಅದು ಬರೀ ಬೇಡಿಕೆ ಚೀಟಿ ಇದ್ದ ಹಾಗೆ. ಹಣ ಕಟ್ಟದಿದ್ದರೂ ಅದು ಹುಟ್ಟುತ್ತದೆ, ಕಟ್ಟದೆ ಬಿಟ್ಟರೆ 15 ದಿನಕ್ಕೆ ಸಾಯುತ್ತದೆ. ನಿಮ್ಮ ಹಣ ಸರ್ಕಾರದ ಖಾತೆಗೆ ಜಮಾ ಆದ ಮೇಲೆ ಬ್ಯಾಂಕು ಇನ್ನೊಂದು ಸಂಖ್ಯೆ ಕೊಡುತ್ತದೆ. ಅದು ಸಿಐಎನ್, ನಿಮ್ಮ ಸಿಪಿಐಎನ್‌ಗೆ ಬ್ಯಾಂಕಿನ ಸಂಕೇತ ಸೇರಿದ ಸಂಖ್ಯೆ. ಇದೇ ನಿಜವಾದ ರಸೀದಿ. ಜಿಎಸ್‌ಟಿ ನಿಯಮ 87ರಲ್ಲಿ ಇದಷ್ಟೂ ಮೂರು ಉಪನಿಯಮಗಳಲ್ಲಿ ಸಾಲಾಗಿದೆ. ಸರ್ಕಾರದ ಖಾತೆಗೆ ಜಮಾ ಆದೊಡನೆ ಬ್ಯಾಂಕು ಸಿಐಎನ್ ಹುಟ್ಟಿಸಬೇಕು ಅನ್ನುವುದು ಆರನೆಯದು. ಆ ಸಿಐಎನ್ ಪೋರ್ಟಲ್‌ಗೆ ತಲುಪಿದ ಮೇಲೆ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಹಣ ಏರಬೇಕು ಅನ್ನುವುದು ಏಳನೆಯದು. ಖಾತೆಯಿಂದ ಹಣ ಹೋಗಿ ಸಿಐಎನ್ ಹುಟ್ಟಲೇ ಇಲ್ಲ, ಅಥವಾ ಹುಟ್ಟಿದರೂ ಪೋರ್ಟಲ್‌ಗೆ ತಲುಪಲಿಲ್ಲ ಅಂದಾಗ ನೀವು ಪಿಎಂಟಿ-07 ನಮೂನೆಯಲ್ಲಿ ದೂರು ಕೊಡಬಹುದು ಅನ್ನುವುದು ಎಂಟನೆಯದು.

ಈಗ ನಿಮ್ಮ ಸ್ಥಿತಿ ಇದೇ ಎಂಟನೆಯದರ ಒಳಗಿದೆ. ಆದರೆ ಅದರಲ್ಲೇ ಎರಡು ಬೇರೆ ಬೇರೆ ಸಂಗತಿ ಇದೆ ಅನ್ನುವುದನ್ನು ಗಮನಿಸಿ. ಸಿಐಎನ್ ಹುಟ್ಟಿ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ನೀವು ತೆರಿಗೆ ಕಟ್ಟಿದ್ದೀರಿ, ಸುದ್ದಿ ಮಾತ್ರ ತಲುಪಿಲ್ಲ. ಸಿಐಎನ್ ಹುಟ್ಟಿಯೇ ಇಲ್ಲದಿದ್ದರೆ ಹಣ ಬ್ಯಾಂಕಿನ ಯಾವುದೋ ನಡುಮನೆ ಖಾತೆಯಲ್ಲಿ ಕೂತಿದೆ, ಕಾನೂನಿನ ಕಣ್ಣಿಗೆ ನೀವಿನ್ನೂ ಕಟ್ಟಿಲ್ಲ. ಬ್ಯಾಂಕಿನವರು “ಸಕ್ಸಸ್” ಅನ್ನುವಾಗ ಎರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆ ಅಂತ ಕೌಂಟರಿನಲ್ಲಿರುವವರಿಗೇ ಗೊತ್ತಿರುವುದಿಲ್ಲ. ಅವರ ಪರದೆಯಲ್ಲಿ ನಿಮ್ಮ ಖಾತೆಯಿಂದ ಹಣ ಹೋದದ್ದು ಕಾಣುತ್ತದೆ, ಅಷ್ಟನ್ನೇ ಸಕ್ಸಸ್ ಅನ್ನುತ್ತಾರೆ.

ಹಾಗಾಗಿ ಇವತ್ತೇ ಮೂರು ಕಡೆ ನೋಡಿ.

ಮೊದಲು ನೆಟ್ ಬ್ಯಾಂಕಿಂಗ್ ಒಳಗೆ ಹೋಗಿ ಆ ವ್ಯವಹಾರದ ಜಿಎಸ್‌ಟಿ ರಸೀದಿ ಇಳಿಸಿಕೊಳ್ಳಿ. ಬಹಳ ಬ್ಯಾಂಕುಗಳಲ್ಲಿ ತೆರಿಗೆ ಪಾವತಿಯ ವಿಭಾಗದಲ್ಲಿ ಹಳೆಯ ಚಲನ್‌ಗಳ ರಸೀದಿ ಮತ್ತೆ ಸಿಗುತ್ತದೆ. ಅದರಲ್ಲಿ ಸಿಐಎನ್ ಇದೆಯಾ ನೋಡಿ. ಇದ್ದರೆ ಅರ್ಧ ಯುದ್ಧ ಗೆದ್ದ ಹಾಗೆ. ಬರೀ ಬ್ಯಾಂಕಿನ ಉಲ್ಲೇಖ ಸಂಖ್ಯೆ ಮಾತ್ರ ಇದ್ದರೆ ಸಿಐಎನ್ ಹುಟ್ಟಿದೆ ಅಂತ ಧೈರ್ಯವಾಗಿ ಹೇಳುವಂತಿಲ್ಲ.

ಎರಡನೆಯದು, 20ರಿಂದ ಇವತ್ತಿನವರೆಗಿನ ಸ್ಟೇಟ್‌ಮೆಂಟ್ ಪೂರ್ತಿ ಓದಿ. ಎಷ್ಟೋ ಜನ ಹಣ ಹೋದ ಸಾಲು ನೋಡಿ ಪುಸ್ತಕ ಮುಚ್ಚುತ್ತಾರೆ. ಎರಡು ದಿನ ಬಿಟ್ಟು ಅದೇ ಮೊತ್ತ ವಾಪಸ್ ಬಂದಿರುವುದನ್ನು ನೋಡಿರುವುದಿಲ್ಲ. ನನ್ನ ಕಕ್ಷಿದಾರರೊಬ್ಬರು ಬ್ಯಾಂಕಿನ ಮೇಲೆ ಹತ್ತು ದಿನ ಹಾರಾಡಿದ ಮೇಲೆ ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ, ಹಣ ಮೂರನೇ ದಿನವೇ ಖಾತೆಗೆ ಮರಳಿತ್ತು. ನೆಫ್ಟ್‌ನಲ್ಲಿ ಕಟ್ಟುವಾಗ ಸಿಪಿಐಎನ್ನೇ ಖಾತೆ ಸಂಖ್ಯೆಯಾಗುತ್ತದೆ. ಅವರು ಅದರಲ್ಲಿ ಒಂದು ಅಂಕಿ ತಪ್ಪು ಬರೆದಿದ್ದರು. ಅಂಥದ್ದು ರಿಸರ್ವ್ ಬ್ಯಾಂಕಿನಿಂದ ಹಾಗೇ ವಾಪಸ್ ಬರುತ್ತದೆ. ನೀವು ಕಟ್ಟಿದ್ದು ನೆಟ್ ಬ್ಯಾಂಕಿಂಗ್‌ನಲ್ಲಿ, ಹಾಗಾಗಿ ಆ ತಪ್ಪು ಆಗಿರಲಿಕ್ಕಿಲ್ಲ. ಆದರೆ ವಾಪಸಾತಿ ಯಾವ ದಾರಿಯಲ್ಲೂ ಆಗಬಹುದು.

ಮೂರನೆಯದು ಪೋರ್ಟಲ್. ಒಳಗೆ ಹೋಗಿ `Services > Payments > Challan History` ತೆರೆದು ನಿಮ್ಮ ಸಿಪಿಐಎನ್ ಒತ್ತಿ ನೋಡಿ. `Initiated` ಅಂದರೆ ನೀವು ಪೋರ್ಟಲ್‌ನಿಂದ ಬ್ಯಾಂಕಿನ ಕಡೆ ಹೊರಟಿರಿ, ಬ್ಯಾಂಕಿನಿಂದ ಉತ್ತರ ಬಂದಿಲ್ಲ ಅಂತ. `Awaiting Bank Confirmation` ಅಂತ ಬಂದಿದ್ದರೆ ಕಥೆ ಬೇರೆ. ಅದು ಸಾಮಾನ್ಯವಾಗಿ ಪಾಲುದಾರಿಕೆ ಸಂಸ್ಥೆ, ಕಂಪನಿಗಳ ಖಾತೆಗಳಲ್ಲಿ ಬರುವಂಥದ್ದು. ಒಬ್ಬರು ಪಾವತಿ ಹಾಕಿರುತ್ತಾರೆ, ಒಪ್ಪಿಗೆ ಕೊಡಬೇಕಾದ ಇನ್ನೊಬ್ಬರು ಒತ್ತಿರುವುದಿಲ್ಲ. ಆಗ ತಪ್ಪು ಬ್ಯಾಂಕಿನದಲ್ಲ, ಮನೆಯೊಳಗಿನದು. ಹಾಗೆಯೇ ಒಮ್ಮೆ `Services > Ledgers > Electronic Cash Ledger` ಕೂಡ ತೆರೆದು ಎಲ್ಲ ಕಾಲಂ ನೋಡಿ. ಚಲನ್ ತುಂಬುವಾಗ ತೆರಿಗೆಯ ಕಾಲಂ ಬಿಟ್ಟು ಬಡ್ಡಿಯ ಕಾಲಂನಲ್ಲಿ ಮೊತ್ತ ಹಾಕಿದರೆ ಹಣ ಲೆಡ್ಜರ್‌ಗೆ ಬಂದಿದ್ದರೂ ರಿಟರ್ನ್ ಹಾಕುವಾಗ ತೆರಿಗೆಗೆ ಸಿಗುವುದಿಲ್ಲ. ಅದಕ್ಕೆ ಪತ್ರ ಬೇಡ, ಪಿಎಂಟಿ-09ರಲ್ಲಿ ಒಂದು ಕಾಲಂನಿಂದ ಇನ್ನೊಂದಕ್ಕೆ ನೀವೇ ವರ್ಗಾಯಿಸಿಕೊಳ್ಳಬಹುದು.

ಇಷ್ಟು ನೋಡಿದ ಮೇಲೂ ಹಣ ಹೋಗಿದೆ, ವಾಪಸ್ ಬಂದಿಲ್ಲ, ಲೆಡ್ಜರ್ ಸೊನ್ನೆ ಅಂದರೆ ಪತ್ರಕ್ಕೂ ಮೊದಲು ಪಿಎಂಟಿ-07 ಹಾಕಿ. ಖಾತೆಯಿಂದ ಹಣ ಹೋಗಿ 24 ಗಂಟೆಯಾದರೂ ಲೆಡ್ಜರ್‌ಗೆ ಬರದಿದ್ದರೆ ಹಾಕಬಹುದು, ನಿಮಗೆ ಆ ಗಡುವು ಯಾವಾಗಲೋ ದಾಟಿದೆ. `Services > Payments > Grievance against Payment (GST PMT-07)` ಅಲ್ಲಿ ಸಿಪಿಐಎನ್, ಬ್ಯಾಂಕು, ಮೊತ್ತ, ಹಣ ಹೋದ ದಿನ ತುಂಬಿ. ಕಾರಣಗಳ ಪಟ್ಟಿಯಲ್ಲಿ ಖಾತೆಯಿಂದ ಹಣ ಹೋಗಿದೆ, ಲೆಡ್ಜರ್‌ಗೆ ಬಂದಿಲ್ಲ ಅನ್ನುವುದನ್ನು ಆರಿಸಿ ಕಳಿಸಿ. ಕೊನೆಗೆ ಬರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಪುಟದ ಚಿತ್ರವನ್ನೂ ತೆಗೆದಿಡಿ. ನೀವು ಬರೆಯುವ ಎರಡೂ ಪತ್ರಗಳ ಬೆನ್ನುಮೂಳೆ ಆ ಸಂಖ್ಯೆ. ಅದಿಲ್ಲದ ಪತ್ರವನ್ನು ಬ್ಯಾಂಕೂ ಇಲಾಖೆಯೂ “ಮೊದಲು ಪೋರ್ಟಲ್‌ನಲ್ಲಿ ಹಾಕಿ ಬನ್ನಿ” ಅಂತ ವಾಪಸ್ ಕಳಿಸುತ್ತವೆ, ಅದರಲ್ಲಿ ಅವರದ್ದೇನೂ ತಪ್ಪಿಲ್ಲ.

ಇನ್ನು ಬ್ಯಾಂಕಿನ ಪತ್ರ. ನನ್ನ ಹತ್ತಿರ ಬರುವ ಹತ್ತು ಕರಡುಗಳಲ್ಲಿ ಎಂಟರಲ್ಲಿ ಒಂದೇ ಸಾಲು ಇರುತ್ತದೆ: “ಹಣವನ್ನು ಕೂಡಲೇ ನನ್ನ ಖಾತೆಗೆ ವಾಪಸ್ ಹಾಕಬೇಕಾಗಿ ವಿನಂತಿ.” ಇದನ್ನು ಬರೆಯಬೇಡಿ. ಸಿಐಎನ್ ಹುಟ್ಟಿದ್ದರೆ ಹಣ ಬ್ಯಾಂಕಿನದಲ್ಲ, ಸರ್ಕಾರದ್ದು. ಬ್ಯಾಂಕು ಅದನ್ನು ವಾಪಸ್ ಕೊಡುವಂತಿಲ್ಲ, ನೀವು ಕೇಳಲೂಬಾರದು. 20ನೇ ತಾರೀಕಿಗೆ ಕಟ್ಟಿದ್ದೀರಿ ಅನ್ನುವುದೇ ನಿಮ್ಮ ಆಸ್ತಿ. ವಾಪಸ್ ಬಂದ ಕ್ಷಣ ಆ ತಾರೀಕು ಕೈಬಿಡುತ್ತದೆ. ಬ್ಯಾಂಕಿನಿಂದ ನಿಮಗೆ ಬೇಕಾದ್ದು ಹಣವಲ್ಲ, ಬರಹದಲ್ಲಿ ಒಂದು ಉತ್ತರ: ಸಿಐಎನ್ ಹುಟ್ಟಿದೆಯಾ, ಹುಟ್ಟಿದ್ದರೆ ಯಾವ ದಿನ, ಯಾವ ಹೊತ್ತಿಗೆ.

ಶಾಖೆಯಲ್ಲಿ ಈ ಕೆಲಸ ಆಗುವುದಿಲ್ಲ ಅನ್ನುವುದನ್ನೂ ತಿಳಿದಿರಿ. ಜಿಎಸ್‌ಟಿ ಪಾವತಿಗಳನ್ನು ಒಟ್ಟುಗೂಡಿಸಿ ರಿಸರ್ವ್ ಬ್ಯಾಂಕಿಗೆ ಲೆಕ್ಕ ಒಪ್ಪಿಸಲು ಪ್ರತಿ ಬ್ಯಾಂಕಿನಲ್ಲೂ ಒಂದು ಕೇಂದ್ರ ಶಾಖೆ ಇರುತ್ತದೆ, ಅದನ್ನು ಇ-ಫೋಕಲ್ ಪಾಯಿಂಟ್ ಶಾಖೆ ಅನ್ನುತ್ತಾರೆ. ಸಿಐಎನ್ ಮತ್ತೆ ಕಳಿಸುವುದು ಅಲ್ಲಿಂದ. ನಿಮ್ಮ ಶಾಖೆಯ ಮ್ಯಾನೇಜರ್ ಮಾಡಬಹುದಾದ್ದು ಪತ್ರವನ್ನು ಅಲ್ಲಿಗೆ ಮುಟ್ಟಿಸುವುದು. ಆದ್ದರಿಂದ ಪತ್ರದಲ್ಲಿ ಆ ಹೆಸರು ಇರಲಿ. ಅದನ್ನು ನೋಡಿದರೆ ಮ್ಯಾನೇಜರ್‌ಗೂ ಎಲ್ಲಿಗೆ ಕಳಿಸಬೇಕು ಅಂತ ಹೊಳೆಯುತ್ತದೆ. ಪತ್ರ ಕನ್ನಡದಲ್ಲೇ ಇರಲಿ. ಆದರೆ ಆ ಕೇಂದ್ರ ಶಾಖೆ ಬೇರೆ ರಾಜ್ಯದಲ್ಲಿ ಇರಬಹುದು, ಹಾಗಾಗಿ ಸಂಖ್ಯೆಗಳಿರುವ ಭಾಗವನ್ನು ಇಂಗ್ಲಿಷಿನಲ್ಲೂ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಪತ್ರ ಎರಡು ದಿನ ಮೇಜಿನ ಮೇಲೆ ಕೊಳೆಯುವುದು ತಪ್ಪುತ್ತದೆ.

ನಾನಾದರೆ ಹೀಗೆ ಬರೆಯುತ್ತಿದ್ದೆ:

ಇವರಿಗೆ,
ವ್ಯವಸ್ಥಾಪಕರು,
(ಬ್ಯಾಂಕಿನ ಹೆಸರು, ಶಾಖೆ)

ಮಾನ್ಯರೇ,

ವಿಷಯ: ಜಿಎಸ್‌ಟಿ ಚಲನ್ ಮೊತ್ತ 84,600 ರೂ. ಖಾತೆಯಿಂದ ಕಡಿತವಾಗಿದ್ದರೂ ಪೋರ್ಟಲ್‌ನ ಕ್ಯಾಶ್ ಲೆಡ್ಜರ್‌ಗೆ ಜಮಾ ಆಗದಿರುವ ಬಗ್ಗೆ.

ಉಲ್ಲೇಖ: ಸಿಪಿಐಎನ್ (14 ಅಂಕಿ), ಬ್ಯಾಂಕ್ ಉಲ್ಲೇಖ ಸಂಖ್ಯೆ, ಪಿಎಂಟಿ-07 ದೂರಿನ ಸಂಖ್ಯೆ ಮತ್ತು ದಿನಾಂಕ.

ತಮ್ಮ ಶಾಖೆಯ ನನ್ನ ಚಾಲ್ತಿ ಖಾತೆಯಿಂದ ಈ ತಿಂಗಳ 20ರಂದು ಸಂಜೆ 7.40ಕ್ಕೆ ಮೇಲ್ಕಂಡ ಚಲನ್ ಬಾಬ್ತು 84,600 ರೂಪಾಯಿ ನೆಟ್ ಬ್ಯಾಂಕಿಂಗ್ ಮೂಲಕ ಕಡಿತವಾಗಿದೆ. ಇದರಲ್ಲಿ ಕೇಂದ್ರ ತೆರಿಗೆ 42,300, ರಾಜ್ಯ ತೆರಿಗೆ 42,300. ಇಂದಿನವರೆಗೆ ಮೊತ್ತ ನನ್ನ ಖಾತೆಗೆ ಮರಳಿಲ್ಲ, ಜಿಎಸ್‌ಟಿ ಪೋರ್ಟಲ್‌ನಲ್ಲಿಯೂ ಜಮಾ ಆಗಿಲ್ಲ.

ಈ ಕೆಳಗಿನ ವಿಷಯಗಳನ್ನು ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇನೆ. ಈ ಪಾವತಿಗೆ ಸಿಐಎನ್ ಸೃಷ್ಟಿಯಾಗಿದೆಯೇ? ಆಗಿದ್ದಲ್ಲಿ ಅದರ ಸಂಖ್ಯೆ, ದಿನಾಂಕ, ಸಮಯ ಮತ್ತು ಮೊತ್ತ ಸರ್ಕಾರದ ಖಾತೆಗೆ ಜಮಾ ಆದ ದಿನಾಂಕ ಯಾವುದು? ಸಿಐಎನ್ ಸೃಷ್ಟಿಯಾಗಿದ್ದಲ್ಲಿ ತಮ್ಮ ಇ-ಫೋಕಲ್ ಪಾಯಿಂಟ್ ಶಾಖೆಯ ಮೂಲಕ ಅದನ್ನು ಜಿಎಸ್‌ಟಿ ಪೋರ್ಟಲ್‌ಗೆ ಮತ್ತೆ ಕಳುಹಿಸಬೇಕು ಹಾಗೂ ಮೊತ್ತವನ್ನು ನನ್ನ ಖಾತೆಗೆ ಹಿಂದಿರುಗಿಸಬಾರದು. ಸೃಷ್ಟಿಯಾಗಿರದಿದ್ದಲ್ಲಿ ಮೊತ್ತ ಈಗ ಯಾವ ಖಾತೆಯಲ್ಲಿದೆ ಎಂಬುದನ್ನು ತಿಳಿಸಿ, ಅದನ್ನು ತಕ್ಷಣ ನನ್ನ ಖಾತೆಗೆ ಮರುಜಮಾ ಮಾಡಬೇಕು.

ಜಿಎಸ್‌ಟಿ ನಿಯಮ 87(6)ರಂತೆ ಸಿಐಎನ್ ನೀಡುವುದು ಹಣ ಸ್ವೀಕರಿಸಿದ ಬ್ಯಾಂಕಿನ ಹೊಣೆ. ವಿಳಂಬದಿಂದ ನನಗೆ ಬೀಳುವ ಲೇಟ್ ಫೀ ಮತ್ತು ಬಡ್ಡಿಯನ್ನು ಭರಿಸಿಕೊಡುವಂತೆ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.

ಲಗತ್ತು: ಚಲನ್ ಪ್ರತಿ, ಖಾತೆಯ ಸ್ಟೇಟ್‌ಮೆಂಟ್, ಪೋರ್ಟಲ್‌ನ ಚಲನ್ ಸ್ಥಿತಿ ಮತ್ತು ಲೆಡ್ಜರ್ ಪುಟಗಳ ಮುದ್ರಿತ ಪ್ರತಿ, ಪಿಎಂಟಿ-07 ಸ್ವೀಕೃತಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಅಂಗಡಿಯ ಹೆಸರು, ಜಿಎಸ್‌ಟಿ ಸಂಖ್ಯೆ, ಮೊಬೈಲ್)

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಹೊರಬನ್ನಿ. ಶಾಖೆಯ ಅಧಿಕೃತ ಇ-ಮೇಲ್‌ಗೂ ಇದನ್ನೇ ಕಳಿಸಿ. ಬ್ಯಾಂಕಿಗೆ ದೂರು ಮುಟ್ಟಿ 30 ದಿನ ಕಳೆದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ `cms.rbi.org.in` ಮೂಲಕ ದೂರು ಕೊಡಬಹುದು. ಆ 30 ದಿನ ಎಣಿಸುವುದಕ್ಕೆ ಬೇಕಾಗುವುದು ಈ ಸೀಲಿನ ತಾರೀಕೇ.

ಬ್ಯಾಂಕು ಸುಮ್ಮನೆ ಕೂತರೂ ಒಂದು ಹಿಂಬಾಗಿಲು ಇದೆ. ಬ್ಯಾಂಕು ಸಿಐಎನ್ ವಿವರ ಕಳಿಸದೆ ಹೋದಾಗ ರಿಸರ್ವ್ ಬ್ಯಾಂಕಿನ ಇ-ಸ್ಕ್ರೋಲ್ ಆಧಾರದ ಮೇಲೆ ಲೆಡ್ಜರ್ ತುಂಬಬಹುದು ಅಂತ ನಿಯಮ 87(8)ಕ್ಕೆ ಆಮೇಲೆ ಒಂದು ಷರಾ ಸೇರಿಸಿದರು. ಇ-ಸ್ಕ್ರೋಲ್ ಅಂದರೆ ಸರ್ಕಾರದ ಖಾತೆಗೆ ಯಾವ ಚಲನ್ ಬಾಬ್ತು ಎಷ್ಟು ಬಂತು ಅನ್ನುವ ದಿನದ ಪಟ್ಟಿ. ಪಟ್ಟಿಯ ವಿವರ ನಿಮ್ಮ ಚಲನ್‌ನೊಂದಿಗೆ ತಾಳೆಯಾಗಬೇಕು ಅಷ್ಟೇ. ಹಾಗಾಗಿ ಹಣ ನಿಜಕ್ಕೂ ರಿಸರ್ವ್ ಬ್ಯಾಂಕ್ ಮುಟ್ಟಿದ್ದರೆ ಅದು ಕಳೆದುಹೋಗುವ ಮಾತಿಲ್ಲ, ತಡವಾಗುತ್ತದೆ ಅಷ್ಟೇ.

ಅಧಿಕಾರಿಗೆ ಬರೆಯುವ ಪತ್ರದ ಉದ್ದೇಶ ಪೂರ್ತಿ ಬೇರೆ. ನಿಮ್ಮ ಲೆಡ್ಜರ್‌ಗೆ ಹಣ ಹಾಕುವ ಗುಂಡಿ ಅವರ ಕೈಯಲ್ಲಿ ಇಲ್ಲ. “ಲೆಡ್ಜರ್ ಸರಿಪಡಿಸಿಕೊಡಿ” ಅಂತ ಕೇಳಿದರೆ ಅವರು ಬ್ಯಾಂಕಿನ ದಾರಿ ತೋರಿಸುವುದು ಸಹಜ. ನಿಮಗೂ ಆದದ್ದು ಅದೇ. ಅವರಿಗೆ ಬರೆಯುವುದು ದಾಖಲೆಗೆ. ರಿಟರ್ನ್ ತಡವಾದರೆ ಜಿಎಸ್‌ಟಿಆರ್-3ಎ ನೋಟಿಸು ಬರುತ್ತದೆ, 15 ದಿನದೊಳಗೆ ರಿಟರ್ನ್ ಹಾಕಿ ಅಂತ. ಮುಂದೊಂದು ದಿನ ಬಡ್ಡಿಯ ಪ್ರಶ್ನೆಯೂ ಏಳಬಹುದು. ಆಗ “20ರಂದೇ ಕಟ್ಟಿದ್ದೆ, 23ರಂದೇ ತಿಳಿಸಿದ್ದೆ” ಅಂತ ತೋರಿಸಲು ಈ ಪತ್ರ ಬೇಕು.

ಯಾವ ಅಧಿಕಾರಿ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಪೋರ್ಟಲ್‌ನ ನಿಮ್ಮ ಪ್ರೊಫೈಲ್‌ನಲ್ಲಿ ನೀವು ರಾಜ್ಯದ ಆಡಳಿತಕ್ಕೆ ಸೇರಿದವರೋ ಕೇಂದ್ರದ್ದೋ ಅಂತ ಇರುತ್ತದೆ. ರಾಜ್ಯವಾದರೆ ವಾಣಿಜ್ಯ ತೆರಿಗೆಗಳ ಇಲಾಖೆಯ ಸ್ಥಳೀಯ ಜಿಎಸ್‌ಟಿ ಕಚೇರಿ, ನಮ್ಮವರು ಎಲ್‌ಜಿಎಸ್‌ಟಿಒ ಅನ್ನುತ್ತಾರಲ್ಲ, ಅದು. ಕೇಂದ್ರವಾದರೆ ರೇಂಜ್ ಕಚೇರಿಯ ಸೂಪರಿಂಟೆಂಡೆಂಟ್. ಹತ್ತಿರ ಇದೆ ಅಂತ ತಪ್ಪು ಕಚೇರಿಗೆ ಕೊಟ್ಟ ಪತ್ರ ಲೆಕ್ಕಕ್ಕೆ ಬರುವುದಿಲ್ಲ.

ಇವರಿಗೆ,
(ಅಧಿಕಾರಿಯ ಪದನಾಮ, ಕಚೇರಿ)

ಮಾನ್ಯರೇ,

ವಿಷಯ: ಚಲನ್ ಮೊತ್ತ ಪೋರ್ಟಲ್‌ನಲ್ಲಿ ಜಮಾ ಆಗದ ಕಾರಣ ಜಿಎಸ್‌ಟಿಆರ್-3ಬಿ ಸಲ್ಲಿಕೆ ತಡವಾಗಿರುವ ಬಗ್ಗೆ ತಿಳಿವಳಿಕೆ.

ಉಲ್ಲೇಖ: ಜಿಎಸ್‌ಟಿ ಸಂಖ್ಯೆ, ತೆರಿಗೆ ಅವಧಿ, ಸಿಪಿಐಎನ್, ಪಿಎಂಟಿ-07 ದೂರಿನ ಸಂಖ್ಯೆ.

ಮೇಲ್ಕಂಡ ಅವಧಿಯ ತೆರಿಗೆ 84,600 ರೂಪಾಯಿಯನ್ನು ಕೊನೆಯ ದಿನವಾದ 20ರಂದೇ ಬ್ಯಾಂಕಿನ ಮೂಲಕ ಪಾವತಿಸಿದ್ದೇನೆ. ಮೊತ್ತ ನನ್ನ ಖಾತೆಯಿಂದ ಕಡಿತವಾಗಿದ್ದರೂ ಕ್ಯಾಶ್ ಲೆಡ್ಜರ್‌ಗೆ ಜಮಾ ಆಗದ ಕಾರಣ ರಿಟರ್ನ್ ಸಲ್ಲಿಸಲು ಸಾಧ್ಯವಾಗಿಲ್ಲ. ಈ ಬಗ್ಗೆ ನಿಯಮ 87(8)ರಂತೆ ಪಿಎಂಟಿ-07 ಸಲ್ಲಿಸಿದ್ದೇನೆ, ಬ್ಯಾಂಕಿಗೂ ಪತ್ರ ನೀಡಿದ್ದೇನೆ.

ಸರ್ಕಾರದ ಖಾತೆಗೆ ಅಧಿಕೃತ ಬ್ಯಾಂಕಿನಲ್ಲಿ ಜಮಾ ಆದ ದಿನವನ್ನೇ ಕ್ಯಾಶ್ ಲೆಡ್ಜರ್‌ನ ಠೇವಣಿ ದಿನವೆಂದು ಭಾವಿಸಬೇಕು ಎಂದು ಕಾಯ್ದೆಯ ಕಲಂ 49ರ ವಿವರಣೆ ಹೇಳುತ್ತದೆ. ಬ್ಯಾಂಕಿನಿಂದ ಸಿಐಎನ್ ದೃಢೀಕರಣ ಬಂದ ಕೂಡಲೇ ಹಾಜರುಪಡಿಸುತ್ತೇನೆ. ಈ ಪತ್ರವನ್ನು ದಾಖಲೆಗೆ ತೆಗೆದುಕೊಂಡು, ಈ ಅವಧಿಗೆ ಸಂಬಂಧಿಸಿ ಯಾವುದೇ ನೋಟಿಸು ಅಥವಾ ಬಡ್ಡಿ ಬೇಡಿಕೆಯನ್ನು ಪರಿಗಣಿಸುವಾಗ ಮೇಲಿನ ಸಂಗತಿಯನ್ನು ಗಮನಕ್ಕೆ ತೆಗೆದುಕೊಳ್ಳಬೇಕಾಗಿ ವಿನಂತಿ.

ಲಗತ್ತು: ಬ್ಯಾಂಕಿಗೆ ನೀಡಿದ ಪತ್ರದ ಸ್ವೀಕೃತಿ ಪ್ರತಿ ಹಾಗೂ ಅದರ ಲಗತ್ತುಗಳು.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು, ಜಿಎಸ್‌ಟಿ ಸಂಖ್ಯೆ)

ಈ ಪತ್ರದಲ್ಲಿ ಲೇಟ್ ಫೀ ಮನ್ನಾ ಮಾಡಿ ಅಂತ ಯಾಕೆ ಬರೆದಿಲ್ಲ ಅನ್ನಬಹುದು. ಬಡ್ಡಿ ಮತ್ತು ಲೇಟ್ ಫೀ ಒಂದೇ ಅಲ್ಲ, ಜನ ಇವೆರಡನ್ನೂ ಗಂಟು ಹಾಕುತ್ತಾರೆ. ಬಡ್ಡಿ ಬೀಳುವುದು ಹಣ ತಡವಾದದ್ದಕ್ಕೆ. ಲೇಟ್ ಫೀ ಬೀಳುವುದು ಕಾಗದ ತಡವಾದದ್ದಕ್ಕೆ. ನಿಮ್ಮ ಹಣ 20ರಂದೇ ಸರ್ಕಾರದ ಖಾತೆ ಸೇರಿತ್ತು ಅಂತ ಸಿಐಎನ್ ಹೇಳಿದರೆ ಬಡ್ಡಿಯ ಮಾತು ನಿಲ್ಲುತ್ತದೆ. ಕೊನೆಯ ದಿನದೊಳಗೆ ಕ್ಯಾಶ್ ಲೆಡ್ಜರ್‌ಗೆ ಬಂದು ಅಲ್ಲೇ ಇದ್ದು, ರಿಟರ್ನ್ ತಡವಾಗಿ ಹಾಕುವಾಗ ಖರ್ಚಾದ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕಬಾರದು ಅಂತ 2024ರಲ್ಲಿ ನಿಯಮ 88ಬಿಗೆ ಸೇರಿಸಿದ್ದಾರೆ. ಲೆಡ್ಜರ್‌ಗೆ ಬಂದ ದಿನ ಯಾವುದು ಅನ್ನುವುದಕ್ಕೆ ಕಲಂ 49ರ ವಿವರಣೆ ಉತ್ತರ. ಇವೆರಡನ್ನೂ ಜೋಡಿಸಿದರೆ ನಿಮ್ಮ ವಾದ ಗಟ್ಟಿಯಾಗಿ ನಿಲ್ಲುತ್ತದೆ. ರಿಟರ್ನ್ ಮಾತ್ರ 20ಕ್ಕೆ ಹಾಕಿಲ್ಲ, ಅದು ನಿಜ. ಅದರ ಫೀಯನ್ನು ಪೋರ್ಟಲ್ ತಾನೇ ಎಣಿಸುತ್ತದೆ, ಅಳಿಸುವ ಅಧಿಕಾರ ಸ್ಥಳೀಯ ಅಧಿಕಾರಿಗೆ ಇಲ್ಲ. ಇಲ್ಲದ ಅಧಿಕಾರವನ್ನು ಕೇಳಿದರೆ ಪತ್ರದ ತೂಕ ಕಡಿಮೆಯಾಗುತ್ತದೆ. ಅದನ್ನು ಬ್ಯಾಂಕಿನಿಂದಲೇ ಕೇಳಬೇಕು.

ಈಗ ನಿಮ್ಮ ಅಕೌಂಟೆಂಟ್ ಹೇಳಿದ್ದಕ್ಕೆ ಬರೋಣ. ಎರಡನೇ ಸಲ ಕಟ್ಟಬೇಕಾ?

ಲೆಕ್ಕ ಹಾಕಿ ನೋಡಿ. ಹಣ ಬರಲಿ ಅಂತ ಕಾದು 29ಕ್ಕೆ ರಿಟರ್ನ್ ಹಾಕಿದಿರಿ ಅನ್ನಿ. ಒಂಬತ್ತು ದಿನ ತಡ. ತೆರಿಗೆ ಇರುವ ರಿಟರ್ನ್‌ಗೆ ಲೇಟ್ ಫೀ ದಿನಕ್ಕೆ 50 ರೂಪಾಯಿ, ಕೇಂದ್ರದ 25, ರಾಜ್ಯದ 25. ಅಲ್ಲಿಗೆ 450. ಸಿಐಎನ್ ಸಿಗದೆ ಬಡ್ಡಿಯೂ ಬಿದ್ದಿತು ಅಂದರೆ ವರ್ಷಕ್ಕೆ ಶೇಕಡ 18ರಂತೆ 84,600ಕ್ಕೆ ಒಂಬತ್ತು ದಿನಕ್ಕೆ ಸುಮಾರು 375 ರೂಪಾಯಿ. ಇವತ್ತೇ ಇನ್ನೊಂದು ಚಲನ್ ಕಟ್ಟಿ ರಿಟರ್ನ್ ಹಾಕಿದರೆ ಫೀ 150ಕ್ಕೆ ನಿಲ್ಲುತ್ತದೆ, ಬಡ್ಡಿ ಬಿದ್ದರೂ ಸುಮಾರು 125. ರೂಪಾಯಿ ಲೆಕ್ಕದಲ್ಲಿ ಇದು ತಲೆಕೆಡಿಸಿಕೊಳ್ಳುವಂಥ ವ್ಯತ್ಯಾಸವಲ್ಲ. 84,600 ಹೊಂದಿಸಲು ನೀವು ಕೈಸಾಲ ಮಾಡುವುದಾದರೆ ಅದರ ಬಡ್ಡಿಯೇ ಹೆಚ್ಚಾದೀತು.

ಆದರೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಈ ತಿಂಗಳ 3ಬಿ ಹಾಕದೆ ಮುಂದಿನ ತಿಂಗಳ ಜಿಎಸ್‌ಟಿಆರ್-1 ಹಾಕಲು ಪೋರ್ಟಲ್ ಬಿಡುವುದಿಲ್ಲ. ಅದಕ್ಕೆ 11ನೇ ತಾರೀಕು ಗಡುವು. ಅದು ತಪ್ಪಿದರೆ ನಿಮ್ಮಿಂದ ಮಾಲು ತೆಗೆದುಕೊಂಡವರಿಗೆ ಇನ್‌ಪುಟ್ ಕ್ರೆಡಿಟ್ ಕಾಣುವುದಿಲ್ಲ. ಹಾರ್ಡ್‌ವೇರ್ ವ್ಯಾಪಾರದಲ್ಲಿ ಗುತ್ತಿಗೆದಾರರು ಫೋನ್ ಮಾಡಿ ರೇಗಾಡುವುದು ಇದಕ್ಕೇ. ಹಾಗಾಗಿ ನಾನು ಇಟ್ಟುಕೊಂಡ ಅಂದಾಜು ಹೀಗೆ: ಕೈಯಲ್ಲಿ ಹಣ ಆರಾಮಾಗಿ ಇದ್ದರೆ ಇವತ್ತೇ ಎರಡನೇ ಚಲನ್ ಕಟ್ಟಿ. ಇಲ್ಲದಿದ್ದರೆ ಒಂದು ವಾರ ಕಾಯಿರಿ, ಆದರೆ ಮುಂದಿನ 11ರ ಹತ್ತಿರ ಬಿಡಬೇಡಿ. ಎರಡನೇ ಸಲ ಕಟ್ಟುವುದಾದರೆ ಹಳೆಯ ಸಿಪಿಐಎನ್ ಮೇಲೆಯೇ ಮತ್ತೆ ಒತ್ತಬೇಡಿ, ಹೊಸ ಚಲನ್ ತೆಗೆಯಿರಿ. ಸಾಧ್ಯವಾದರೆ ಬೇರೆ ಬ್ಯಾಂಕಿನಿಂದ ಕಟ್ಟಿ. ಒಂದೇ ಸಿಪಿಐಎನ್ ಮೇಲೆ ಎರಡು ಸಲ ಹಣ ಹೋದರೆ ಯಾವುದು ಯಾವುದು ಅಂತ ಬಿಡಿಸುವುದರಲ್ಲಿ ನನ್ನಂಥವರಿಗೆ ತಿಂಗಳುಗಟ್ಟಲೆ ಕೆಲಸ ಸಿಗುತ್ತದೆ.

ಹಾಗೆ ಕಟ್ಟಿದರೆ ಬ್ಯಾಂಕಿಗೂ ಅಧಿಕಾರಿಗೂ ಒಂದು ಸಾಲು ತಿಳಿಸಿ: ರಿಟರ್ನ್ ಸಲ್ಲಿಸುವ ಸಲುವಾಗಿ ಬೇರೆ ಚಲನ್ ಕಟ್ಟಿದ್ದೇನೆ, ಮೊದಲ ಚಲನ್‌ನ ದೂರು ಹಾಗೇ ಜಾರಿಯಲ್ಲಿದೆ ಅಂತ. ಇಲ್ಲದಿದ್ದರೆ ರಿಟರ್ನ್ ಬಂದದ್ದು ನೋಡಿ ದೂರು ಮುಗಿಯಿತು ಅಂದುಕೊಂಡಾರು. ಮೊದಲ 84,600 ತಡವಾಗಿ ಲೆಡ್ಜರ್‌ಗೆ ಬಂದರೆ ಅದು ವ್ಯರ್ಥವಾಗುವುದಿಲ್ಲ. ಮುಂದಿನ ತಿಂಗಳ ತೆರಿಗೆಗೆ ಅದನ್ನೇ ಬಳಸಿ. ಬೇಡವೆಂದರೆ ಆರ್‌ಎಫ್‌ಡಿ-01ರಲ್ಲಿ ಕ್ಯಾಶ್ ಲೆಡ್ಜರ್‌ನ ಹೆಚ್ಚುವರಿ ಮೊತ್ತ ಅಂತ ಮರುಪಾವತಿ ಕೇಳಬಹುದು. ಪ್ರತಿ ತಿಂಗಳೂ ತೆರಿಗೆ ಇರುವ ಅಂಗಡಿಗೆ ಆ ಉಸಾಬರಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಣ ಬಂದ ದಿನ ಲೆಡ್ಜರ್ ತೆರೆದು ಎರಡು ಕಾಲಂ ನೋಡಲು ಮರೆಯಬೇಡಿ. ಒಂದು ಠೇವಣಿಯ ದಿನ, ಇನ್ನೊಂದು `Reporting date (by bank)`, ಅಂದರೆ ಬ್ಯಾಂಕು ಪೋರ್ಟಲ್‌ಗೆ ವರದಿ ಮಾಡಿದ ದಿನ. ಹಣ 20ರಂದೇ ಸರ್ಕಾರದ ಖಾತೆ ಸೇರಿದ್ದರೆ ಮೊದಲನೆಯದರಲ್ಲಿ 20 ಇರಬೇಕು, ಎರಡನೆಯದರಲ್ಲಿ 27 ಇರಲಿ 28 ಇರಲಿ, ಅದರಿಂದ ನಿಮಗೆ ನಷ್ಟವಿಲ್ಲ. ಆ ಪುಟವನ್ನು ಇಳಿಸಿಕೊಂಡು, ಬ್ಯಾಂಕಿನ ಸಿಐಎನ್ ಉತ್ತರದ ಜೊತೆ ಅಧಿಕಾರಿಯ ಕಚೇರಿಗೆ ಕೊಟ್ಟುಬಿಡಿ. ಮೊದಲನೆಯದರಲ್ಲೇ 27 ಅಂತ ಬಂದಿದ್ದರೆ ಬ್ಯಾಂಕು 20ರಂದು ನಿಮ್ಮ ಹಣ ಎತ್ತಿಟ್ಟುಕೊಂಡು ಸರ್ಕಾರಕ್ಕೆ ಏಳು ದಿನ ತಡವಾಗಿ ಮುಟ್ಟಿಸಿದೆ ಎಂದಾಯಿತು. ಆಗ ಬಡ್ಡಿಯನ್ನು ನೀವು ಕಟ್ಟಿ, ಅದರ ರಸೀದಿ ಇಟ್ಟುಕೊಂಡು ಬ್ಯಾಂಕಿಗೆ ಎರಡನೇ ಪತ್ರ ಬರೆಯಬೇಕು. ಮೊದಲ ಪತ್ರದಲ್ಲಿ ಹಕ್ಕು ಕಾಯ್ದಿರಿಸಿಕೊಂಡ ಆ ಕೊನೆಯ ಸಾಲು ಬರೆಸಿದ್ದು ಇದಕ್ಕೇ.